ಓ-ರಿಂಗಿನ ಅದುಮಿಕೆ: ಇಪ್ಪತ್ತು ಮಿಲಿಮೀಟರ್ ಬೋರಿಗೆ ಒಂದು ಗ್ರೂವ್

ಒಂದೇ ಡ್ರಾಯಿಂಗಿನಂತೆ ಒಂದೇ ಲೇತಿನಲ್ಲಿ ತಯಾರಾದ ಇಪ್ಪತ್ತನಾಲ್ಕು ಹೌಸಿಂಗ್‌ಗಳನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಪರೀಕ್ಷಿಸಿದಾಗ ಏಳರಲ್ಲಿ ಗುಳ್ಳೆ ಬಂದವು, ಹದಿನೇಳರಲ್ಲಿ ಬರಲಿಲ್ಲ. ಸೋರಿದ ಏಳಕ್ಕೆ, ನೀರು ತಡೆಯುವ ರಬ್ಬರಿನ ಓ-ರಿಂಗ್ ಬೇರೆಯದು ಹಾಕಿದಾಗ ನಾಲ್ಕು ಸರಿಹೋದವು. ಅವುಗಳಿಂದ ತೆಗೆದ ರಿಂಗುಗಳಲ್ಲಿ ಒಂದನ್ನು ಚೆನ್ನಾಗಿದ್ದ ಹೌಸಿಂಗಿಗೆ ಹಾಕಿ ನೋಡಿದರೆ ಅದೂ ಸೋರಲಿಲ್ಲ. ಹಾಗಾದರೆ ದೋಷ ರಿಂಗಿನಲ್ಲಿದೆಯೋ, ಅದು ಕೂರುವ ಗ್ರೂವಿನಲ್ಲಿದೆಯೋ, ಜೋಡಿಸಿದವರ ಕೈಯಲ್ಲಿದೆಯೋ ಎಂಬುದು ಎರಡು ದಿನ ನಮಗೆ ತಿಳಿಯಲಿಲ್ಲ. ಡ್ರಾಯಿಂಗ್ ನನ್ನದೇ ಆಗಿತ್ತು, ದೋಷವೂ ಅದರಲ್ಲೇ ಇತ್ತು. ಆ ದೋಷ ಏನೆಂದು ಇಂದಿನ ಮಾತಿನ ಮಧ್ಯದಲ್ಲಿ ಹೇಳುತ್ತೇನೆ. ಅದಕ್ಕೆ ಮೊದಲು ಗ್ರೂವನ್ನು ಸರಿಯಾಗಿ ಲೆಕ್ಕ ಹಾಕುವ ಬಗೆಯನ್ನು ನೋಡಬೇಕು.

ಹೌಸಿಂಗ್ ಯಾವುದೆಂದು ಮೊದಲು ತಿಳಿದುಕೊಳ್ಳಿ. ಅದೊಂದು ಮುಚ್ಚಿದ ಪೆಟ್ಟಿಗೆ, ಒಳಗೆ ಒಂದು ಸ್ವಿಚ್ ಇದೆ, ಹೊರಗೆ ಒಂದು ಹಿಡಿಕೆ ಇದೆ, ಎರಡನ್ನೂ ಜೋಡಿಸುವ ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟ್ ಗೋಡೆಯ ಮೂಲಕ ಹಾದುಹೋಗುತ್ತದೆ. ದಿನಕ್ಕೆ ಹತ್ತಾರು ಬಾರಿ ಕೈಯಿಂದ ಕಾಲು ಸುತ್ತು ತಿರುಗಿಸುತ್ತಾರೆ, ಅಷ್ಟೇ. ಪೆಟ್ಟಿಗೆ ಕೆಲವೊಮ್ಮೆ ಇಪ್ಪತ್ತು ಮೀಟರ್ ನೀರಿನಡಿ ಇರಬೇಕಾಗುತ್ತದೆ, ಅಂದರೆ ಹೊರಗಿನಿಂದ ಸುಮಾರು 2 ಬಾರ್ ಒತ್ತಡ. ಗೋಡೆಯಲ್ಲಿ 20 ಮಿಲಿಮೀಟರ್ ಬೋರ್, ಅದರಲ್ಲಿ ಕೂರುವ ಶಾಫ್ಟ್, ಶಾಫ್ಟಿನ ಮೇಲೆ ಕಡೆದ ಗ್ರೂವಿನಲ್ಲಿ ಒಂದು ಓ-ರಿಂಗ್.

ಗ್ರೂವನ್ನು ಬೋರಿನ ಒಳಗೆ ಕಡೆಯದೆ ಶಾಫ್ಟಿನ ಮೇಲೆ ಏಕೆ ಕಡೆದೆವು ಎಂದು ನೀವು ಕೇಳಬಹುದು. ಇಪ್ಪತ್ತು ಮಿಲಿಮೀಟರ್ ರಂಧ್ರದ ಒಳಗೆ ಗ್ರೂವ್ ಕಡೆಯಲು ಟೂಲ್ ಸಣ್ಣದಾಗಬೇಕು, ಸಣ್ಣ ಟೂಲ್ ಅದುರುತ್ತದೆ, ಕಡೆದ ಮೇಲೆ ಅದರ ತಳವನ್ನು ಅಳೆಯುವುದು ಇನ್ನೂ ಕಷ್ಟ. ಶಾಫ್ಟಿನ ಮೇಲಿನ ಗ್ರೂವನ್ನಾದರೆ ಬ್ಲೇಡ್ ಮೈಕ್ರೋಮೀಟರಿನಿಂದ ನೇರವಾಗಿ ಅಳೆಯಬಹುದು. ಅಳೆಯಲಾಗದ ಅಳತೆಯನ್ನು ಡ್ರಾಯಿಂಗಿನಲ್ಲಿ ಬರೆಯಬಾರದೆಂಬುದು ನನ್ನ ಅಭಿಪ್ರಾಯ. ಶಾಫ್ಟ್ ನಿರಂತರವಾಗಿ ವೇಗವಾಗಿ ತಿರುಗುವುದಾಗಿದ್ದರೆ ಈ ಆಯ್ಕೆ ತಪ್ಪಾಗುತ್ತಿತ್ತು. ಎಳೆದು ಹಿಗ್ಗಿಸಿದ ರಬ್ಬರ್ ಬಿಸಿಯಾದಾಗ ಕುಗ್ಗುತ್ತದೆ. ಆದ್ದರಿಂದ ವೇಗದ ಶಾಫ್ಟಿನ ಮೇಲೆ ಹಿಗ್ಗಿ ಕೂತ ರಿಂಗ್ ಘರ್ಷಣೆಯಿಂದ ಬಿಸಿಯಾಗಿ, ಕುಗ್ಗಿ, ಇನ್ನಷ್ಟು ಬಿಗಿದು, ಇನ್ನಷ್ಟು ಬಿಸಿಯಾಗಿ ಸುಟ್ಟುಹೋಗುತ್ತದೆ. ಅಂಥಲ್ಲಿ ಗ್ರೂವ್ ಹೌಸಿಂಗಿನಲ್ಲಿರಬೇಕು, ರಿಂಗ್ ಶಾಫ್ಟಿಗಿಂತ ತುಸು ದೊಡ್ಡದಿರಬೇಕು. ಸಾಮಾನ್ಯವಾಗಿ ಅಲ್ಲಿ ಆಯಿಲ್ ಸೀಲ್ ಹಾಕುವುದೇ ಲೇಸು. ನಮ್ಮದು ಕೈಯಿಂದ ತಿರುಗುವ ಶಾಫ್ಟ್, ಆ ಭಯವಿಲ್ಲ.

ಇನ್ನು ಪದದ ಮಾತು. ಇಂಗ್ಲಿಷಿನವರು ಸ್ಕ್ವೀಜ್ ಎನ್ನುವುದಕ್ಕೆ ನಮ್ಮವರು ಕೆಲವರು ಒತ್ತಡ ಎನ್ನುತ್ತಾರೆ. ನೀರಿನ ಒತ್ತಡಕ್ಕೂ ಅದೇ ಪದ ಇರುವುದರಿಂದ ಗೊಂದಲವಾಗುತ್ತದೆ. ನಾನು ಅದುಮಿಕೆ ಎನ್ನುತ್ತೇನೆ. ಬಿಡಿಯಾಗಿದ್ದಾಗ ರಿಂಗಿನ ದಪ್ಪ ಎಷ್ಟು, ಬೋರಿನೊಳಗೆ ಕೂತಾಗ ಅದಕ್ಕೆ ಸಿಗುವ ಜಾಗ ಎಷ್ಟು, ಇವೆರಡರ ವ್ಯತ್ಯಾಸವೇ ಅದುಮಿಕೆ. ಅದನ್ನು ರಿಂಗಿನ ದಪ್ಪದಿಂದ ಭಾಗಿಸಿದರೆ ಶೇಕಡಾವಾರು ಸಿಗುತ್ತದೆ.

ಈ ಅದುಮಿಕೆ ಮಾಡುವ ಕೆಲಸವೇನು? ಅದುಮಿದ ರಬ್ಬರ್ ಮರಳಿ ದುಂಡಗಾಗಲು ಹವಣಿಸುತ್ತದೆ. ಆ ಹವಣಿಕೆಯೇ ಅದನ್ನು ಒಂದು ಕಡೆ ಗ್ರೂವಿನ ತಳಕ್ಕೂ ಇನ್ನೊಂದು ಕಡೆ ಬೋರಿನ ಗೋಡೆಗೂ ಒತ್ತಿ ಹಿಡಿಯುತ್ತದೆ. ನೀರಿನ ಒತ್ತಡ ಬಂದಾಗ ಅದು ರಿಂಗನ್ನು ಗ್ರೂವಿನ ಎದುರು ಪಕ್ಕಕ್ಕೆ ತಳ್ಳುತ್ತದೆ. ರಬ್ಬರ್ ದ್ರವದಂತೆ ವರ್ತಿಸಿ ಆ ಒತ್ತಡವನ್ನು ಎಲ್ಲ ದಿಕ್ಕಿಗೂ ಹಂಚುವುದರಿಂದ, ಗೋಡೆಯ ಮೇಲಿನ ಒತ್ತು ನೀರಿನ ಒತ್ತಡದಷ್ಟು ಹೆಚ್ಚುತ್ತದೆ. ಅಂದರೆ ಗೋಡೆಯ ಮೇಲಿನ ಒತ್ತು ಯಾವಾಗಲೂ ನೀರಿಗಿಂತ ಅದುಮಿಕೆಯ ಪಾಲಿನಷ್ಟು ಮುಂದಿರುತ್ತದೆ. ಆ ಮುಂದಿರುವ ಪಾಲು ಇಲ್ಲದಿದ್ದರೆ ನೀರು ರಿಂಗನ್ನು ತಳ್ಳುವ ಮೊದಲೇ ಅದರ ಪಕ್ಕದಿಂದ ನುಸುಳುತ್ತದೆ.

ಇದರಿಂದ ಒಂದು ಮುಖ್ಯ ವಿಷಯ ತಿಳಿಯುತ್ತದೆ. ಓ-ರಿಂಗಿಗೆ 2 ಬಾರ್ ತಡೆಯುವುದಕ್ಕಿಂತ 0.1 ಬಾರ್ ತಡೆಯುವುದು ಕಷ್ಟ. ಬಿಸಿಲಿನಲ್ಲಿ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮುಚ್ಚಿದ ಪೆಟ್ಟಿಗೆಯ ಮೇಲೆ ಮಳೆ ಸುರಿದು ಅದು 25 ಡಿಗ್ರಿಗೆ ಇಳಿಯಿತು ಎನ್ನಿ. ಒಳಗಿನ ಗಾಳಿಯ ಒತ್ತಡ ಸುಮಾರು ಹತ್ತನೇ ಒಂದು ಪಾಲು, ಅಂದರೆ 0.1 ಬಾರಿನಷ್ಟು ಕುಗ್ಗುತ್ತದೆ. ಒಂದು ಮೀಟರ್ ಎತ್ತರದ ನೀರನ್ನು ಹೀರಿಕೊಳ್ಳಲು ಅಷ್ಟು ಸಾಕು. ರಿಂಗನ್ನು ಬಲವಾಗಿ ಒತ್ತಿ ಕೂರಿಸಲು ಅದು ಸಾಲದು. ನೀರಿನಲ್ಲಿ ಮುಳುಗಿದಾಗ ಸೋರದ ಪೆಟ್ಟಿಗೆ ಮಳೆಯಲ್ಲಿ ಒಳಗೆ ತೇವವಾಗುವುದನ್ನು ನಾನು ಕಂಡಿದ್ದೇನೆ. ಅಲ್ಲಿ ರಿಂಗಿಗೆ ಅದುಮಿಕೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಹಾಗಾದರೆ ಎಷ್ಟು ಅದುಮಬೇಕು? ಅಲುಗದ ಜೋಡಣೆಗೆ ಹದಿನೈದರಿಂದ ಇಪ್ಪತ್ತೈದು ಶೇಕಡಾ, ಚಲಿಸುವ ಜೋಡಣೆಗೆ ಹತ್ತರಿಂದ ಇಪ್ಪತ್ತರೊಳಗೆ ಎಂಬುದು ವಾಡಿಕೆ. ಹೆಚ್ಚು ಅದುಮಿದರೆ ಹಿಡಿಕೆ ಬಿಗಿಯಾಗುತ್ತದೆ, ಜೋಡಿಸುವಾಗ ರಿಂಗ್ ಕತ್ತರಿಸಿಹೋಗುತ್ತದೆ, ಮೂವತ್ತು ದಾಟಿದರೆ ರಬ್ಬರ್ ಬೇಗ ದಣಿಯುತ್ತದೆ. ನಮ್ಮ ಶಾಫ್ಟ್ ಅಪರೂಪಕ್ಕೆ ನಿಧಾನವಾಗಿ ತಿರುಗುವುದರಿಂದ ನಾನು ಹದಿನಾರರ ಆಸುಪಾಸನ್ನು ಆರಿಸಿಕೊಂಡೆ.

ಈಗ ಲೆಕ್ಕ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, ಓ-ರಿಂಗ್ ಅಳತೆಗಳ ಎಎಸ್568 ಪಟ್ಟಿಯ 114ನೇ ಅಳತೆಯ ರಿಂಗ್ ತೆಗೆದುಕೊಳ್ಳೋಣ. ಅದರ ಒಳವ್ಯಾಸ 15.54, ದಪ್ಪ 2.62 ಮಿಲಿಮೀಟರ್. ಅದುಮಿಕೆ 0.42 ಎಂದುಕೊಂಡರೆ ಉಳಿಯುವ ಜಾಗ 2.20. ಇದು ಒಂದು ಪಕ್ಕದ ಜಾಗ. ಶಾಫ್ಟಿಗೆ ಎರಡು ಪಕ್ಕಗಳಿರುವುದರಿಂದ ಬೋರಿನಿಂದ 2.20ರ ಎರಡರಷ್ಟನ್ನು ಕಳೆಯಬೇಕು.

```
ಗ್ರೂವ್ ತಳದ ವ್ಯಾಸ = 20.00 − 2 × 2.20 = 15.60
ಅದುಮಿಕೆ = (2.62 − 2.20) / 2.62 = 16%
```

ರಿಂಗಿನ ಒಳವ್ಯಾಸ 15.54, ಗ್ರೂವಿನ ತಳ 15.60. ರಿಂಗ್ ಅರ್ಧ ಶೇಕಡಾಕ್ಕೂ ಕಡಿಮೆ ಹಿಗ್ಗಿ ತಳವನ್ನು ಅಪ್ಪಿ ಕೂರುತ್ತದೆ. ಹಿಗ್ಗುವಿಕೆ ಐದು ಶೇಕಡಾ ದಾಟಬಾರದು, ಏಕೆಂದರೆ ಹಿಗ್ಗಿದಷ್ಟೂ ರಿಂಗ್ ತೆಳುವಾಗುತ್ತದೆ ಮತ್ತು ಅದುಮಿಕೆಯನ್ನು ತಾನೇ ತಿಂದುಹಾಕುತ್ತದೆ. ನಮ್ಮ ಅಳತೆ ಆ ದೃಷ್ಟಿಯಿಂದ ಹಿತವಾಗಿದೆ.

ಬಹಳ ಜನ ಇಲ್ಲಿಗೆ ಲೆಕ್ಕ ಮುಗಿಯಿತು ಎಂದು ಪೆನ್ಸಿಲ್ ಕೆಳಗಿಡುತ್ತಾರೆ. ನಿಜವಾದ ಲೆಕ್ಕ ಇಲ್ಲಿಂದ ಮುಂದಿದೆ. 2.62 ಎಂಬುದು ಪಟ್ಟಿಯಲ್ಲಿರುವ ದಪ್ಪ. ನಿಮ್ಮ ಕೈಗೆ ಬರುವ ರಿಂಗ್ 2.54ರಿಂದ 2.70ರವರೆಗೆ ಎಷ್ಟೂ ಇರಬಹುದು, ಏಕೆಂದರೆ ಅದರ ಟಾಲರೆನ್ಸ್ ಎರಡೂ ಕಡೆ 0.08. ಬೋರಿಗೆ ಎಚ್8 ಎಂಬ ಟಾಲರೆನ್ಸ್ ಕೊಟ್ಟರೆ ಅದು 20.000ರಿಂದ 20.033ರವರೆಗೆ ಬರುತ್ತದೆ. ಶಾಫ್ಟಿಗೆ ಎಫ್7 ಕೊಟ್ಟರೆ 19.959ರಿಂದ 19.980ರವರೆಗೆ. ಗ್ರೂವ್ ತಳಕ್ಕೆ ಎಚ್9 ಕೊಟ್ಟರೆ 15.557ರಿಂದ 15.600ರವರೆಗೆ, ಇದು ಶಾಫ್ಟಿನ ಅಳತೆಯಾದ್ದರಿಂದ ಡ್ರಾಯಿಂಗಿನಲ್ಲಿ ಸಣ್ಣಕ್ಷರದ ಎಚ್ ಬರೆಯಬೇಕು. ಇವೆಲ್ಲವೂ ಒಂದೇ ದಿನ ನಮಗೆ ವಿರುದ್ಧವಾಗಿ ನಿಂತರೆ ಏನಾಗುತ್ತದೆ ಎಂದು ಕೇಳಿಕೊಳ್ಳಬೇಕು.

ಅತಿ ತೆಳು ರಿಂಗ್, ಅತಿ ದೊಡ್ಡ ಬೋರ್, ಅತಿ ಆಳದ ಗ್ರೂವ್ ಒಟ್ಟಾದಾಗ ಒಂದು ಪಕ್ಕದ ಜಾಗ 2.238 ಆಗುತ್ತದೆ, ಅದುಮಿಕೆ 0.302ಕ್ಕೆ ಇಳಿಯುತ್ತದೆ. ಶಾಫ್ಟ್ ಬೋರಿನ ನಡುವೆಯೇ ನಿಲ್ಲುತ್ತದೆ ಎಂದುಕೊಂಡಾಗಿನ ಲೆಕ್ಕ ಇದು. ಹಿಡಿಕೆಯ ತೂಕಕ್ಕೆ ಶಾಫ್ಟ್ ಒಂದು ಪಕ್ಕಕ್ಕೆ ವಾಲುತ್ತದೆ. ಬೋರಿಗೂ ಶಾಫ್ಟಿಗೂ ನಡುವಿನ ಸಡಿಲು ಹೆಚ್ಚೆಂದರೆ 0.074, ಅದರಲ್ಲಿ ಅರ್ಧ 0.037. ವಾಲಿದ ಪಕ್ಕದ ಎದುರಿನಲ್ಲಿ ಅಷ್ಟು ಅದುಮಿಕೆ ಕಳೆದುಹೋಗಿ 0.265 ಉಳಿಯಿತು. ಗ್ರೂವ್ ಶಾಫ್ಟಿನ ಮೈಗೆ ಸರಿಯಾಗಿ ಏಕಕೇಂದ್ರವಾಗಿಲ್ಲದೆ ಡಯಲ್ ಗೇಜಿನಲ್ಲಿ 0.05 ಓಡಿದರೆ ಇನ್ನೊಂದು 0.025 ಹೋಯಿತು, 0.24 ಉಳಿಯಿತು. ಒಳವ್ಯಾಸ ಚಿಕ್ಕದಾಗಿರುವ ರಿಂಗ್ ಬಂದರೆ ಹೆಚ್ಚು ಹಿಗ್ಗಿ ಸುಮಾರು 0.02 ತೆಳುವಾಗುತ್ತದೆ, ಕೊನೆಗೆ 0.22 ಉಳಿಯಿತು. ಅಂದರೆ ಒಂಬತ್ತು ಶೇಕಡಾದ ಸಮೀಪ. ಇದೇ ಲೆಕ್ಕವನ್ನು ತಿರುಗಿಸಿ, ದಪ್ಪ ರಿಂಗ್, ಚಿಕ್ಕ ಬೋರ್, ಎತ್ತರದ ಗ್ರೂವ್ ತಳ, ವಾಲಿದ ಪಕ್ಕ ಎಂದು ನೋಡಿದರೆ ಇಪ್ಪತ್ತು ಶೇಕಡಾ ಬರುತ್ತದೆ.

ಹಾಗಾಗಿ ಹದಿನಾರು ಶೇಕಡಾ ಎಂದು ನಾವು ಹೇಳುವುದು ವಾಸ್ತವದಲ್ಲಿ ಒಂಬತ್ತರಿಂದ ಇಪ್ಪತ್ತರವರೆಗಿನ ಒಂದು ಪಟ್ಟೆ. ವಿನ್ಯಾಸಕಾರ ನೋಡಬೇಕಾದದ್ದು ಪಟ್ಟೆಯ ತುದಿಗಳನ್ನು, ಅದರಲ್ಲೂ ತೆಳು ತುದಿಯನ್ನು. ಈ ತುದಿಯಲ್ಲಿ ನಮಗೆ ಇನ್ನೂ 0.22 ಮಿಲಿಮೀಟರ್ ಇದೆ, ಅದು ಸಾಕು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಆ ಇಪ್ಪತ್ತನಾಲ್ಕು ಹೌಸಿಂಗ್‌ಗಳ ಡ್ರಾಯಿಂಗಿನಲ್ಲಿ ನಾನು ಬೋರಿನಿಂದ ರಿಂಗಿನ ಎರಡು ದಪ್ಪಗಳನ್ನು ಕಳೆದು, ಬಳಿಕ ಅದುಮಿಕೆ 0.42 ಅನ್ನು ಒಮ್ಮೆ ಮಾತ್ರ ಕೂಡಿಸಿದ್ದೆ. ಎರಡು ಪಕ್ಕಗಳಿಗೆ ಎರಡು ಬಾರಿ ಕೂಡಿಸಬೇಕಾಗಿತ್ತು. ಗ್ರೂವ್ ತಳ 15.60ರ ಬದಲು 15.18 ಆಯಿತು. ಆಗ ಒಂದು ಪಕ್ಕದ ಜಾಗ 2.41, ಅದುಮಿಕೆ 0.21, ಎಂಟು ಶೇಕಡಾ. ಕಾಗದದ ಮೇಲೆ ಅದು ಕಡಿಮೆಯಾಯಿತು ಎನಿಸುತ್ತದೆಯೇ ಹೊರತು ಇಲ್ಲವೇ ಇಲ್ಲ ಎನಿಸುವುದಿಲ್ಲ. ಆದರೆ ತೆಳು ತುದಿಗೆ ಹೋಗಿ ನೋಡಿ. ತಳ ಚಿಕ್ಕದಾದ್ದರಿಂದ ಇಲ್ಲಿ ರಿಂಗ್ ಹಿಗ್ಗುವುದಿಲ್ಲ, ಆ 0.02 ಒಂದನ್ನು ಬಿಟ್ಟು ಮೇಲಿನ ಕಳೆಯುವಿಕೆಗಳನ್ನೆಲ್ಲ ಮಾಡಿದರೆ ಉಳಿಯುವುದು 0.03 ಮಿಲಿಮೀಟರ್, ಒಂದು ತಲೆಗೂದಲಿಗಿಂತ ಕಡಿಮೆ. ದಪ್ಪ ರಿಂಗ್ ಸಿಕ್ಕ ಹೌಸಿಂಗ್ ತಡೆಯಿತು, ತೆಳು ರಿಂಗ್ ಸಿಕ್ಕದ್ದು ಸೋರಿತು. ರಿಂಗ್ ಬದಲಿಸಿದಾಗ ಕೆಲವು ಸರಿಹೋದದ್ದು ಅದೃಷ್ಟವಶಾತ್ ದಪ್ಪದ್ದು ಬಂದುದರಿಂದ.

ಈ ಲಕ್ಷಣವನ್ನು ನೆನಪಿಡಿ. ಒಂದು ಬ್ಯಾಚಿನಲ್ಲಿ ಎಲ್ಲವೂ ಸೋರಿದರೆ ರಬ್ಬರಿನ ಜಾತಿಯೋ ಮೇಲ್ಮೈಯೋ ಕೆಟ್ಟಿದೆ ಎಂದು ಹುಡುಕಬಹುದು. ಕೆಲವು ಸೋರಿ ಕೆಲವು ಸೋರದೆ, ರಿಂಗ್ ಅದಲುಬದಲು ಮಾಡಿದಾಗ ಸೋರಿಕೆಯೂ ಅದಲುಬದಲಾದರೆ, ಅದುಮಿಕೆಯ ಪಟ್ಟೆಯ ತೆಳು ತುದಿ ಸೊನ್ನೆಯನ್ನು ಮುಟ್ಟುತ್ತಿದೆ ಎಂದರ್ಥ. ಆಗ ರಿಂಗ್ ಆರಿಸುತ್ತಾ ಕೂರಬೇಡಿ, ಗ್ರೂವಿನ ತಳವನ್ನು ಅಳೆಯಿರಿ.

ಗ್ರೂವಿನ ಅಗಲದ ಬಗ್ಗೆ ಈಗ ಹೇಳಬೇಕು, ಏಕೆಂದರೆ ಇಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ರಿಂಗ್ ಅಲುಗಾಡಬಾರದೆಂದು ಗ್ರೂವಿನ ಅಗಲವನ್ನು ರಿಂಗಿನ ದಪ್ಪದಷ್ಟೇ, 2.7 ಮಿಲಿಮೀಟರ್ ಕಡೆಯುವವರಿದ್ದಾರೆ. ರಬ್ಬರ್ ಆಕಾರ ಬದಲಿಸುತ್ತದೆ, ಗಾತ್ರ ಬದಲಿಸುವುದಿಲ್ಲ. ಮೇಲಿನಿಂದ ಅದುಮಿದರೆ ಅದು ಪಕ್ಕಕ್ಕೆ ಹರಡಲೇಬೇಕು. ಹರಡಲು ಜಾಗವಿಲ್ಲದಿದ್ದರೆ ಅದು ರಬ್ಬರಿನಂತೆ ವರ್ತಿಸದೆ ಕಲ್ಲಿನಂತೆ ವರ್ತಿಸುತ್ತದೆ. ಶಾಫ್ಟ್ ಒಳಗೆ ಹೋಗುವುದೇ ಇಲ್ಲ, ಹೋದರೆ ರಿಂಗಿನ ಮೈ ಕಿತ್ತುಬರುತ್ತದೆ. ನಮ್ಮ ರಿಂಗಿನ ಗಾತ್ರ ಸುಮಾರು 308 ಘನ ಮಿಲಿಮೀಟರ್. 2.7 ಅಗಲದ ಗ್ರೂವಿನ ಗಾತ್ರ 332. ಸಾಮಾನ್ಯ ರಿಂಗ್ ಅದರ ತೊಂಬತ್ತಮೂರು ಶೇಕಡಾ ತುಂಬುತ್ತದೆ. ದಪ್ಪ ತುದಿಯ ರಿಂಗ್ ಬಂದರೆ ಅದರ ಗಾತ್ರವೂ 332 ಆಗಿ ಗ್ರೂವ್ ಕಂಠಮಟ್ಟ ತುಂಬಿಬಿಡುತ್ತದೆ. ರಬ್ಬರ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಶಾಖಕ್ಕೆ ಹಿಗ್ಗುತ್ತದೆ, ಗ್ರೀಸನ್ನೋ ಎಣ್ಣೆಯನ್ನೋ ಹೀರಿ ಉಬ್ಬುತ್ತದೆ. ಅದಕ್ಕೆಲ್ಲ ಅಲ್ಲಿ ಜಾಗವಿಲ್ಲ. ಅಗಲವನ್ನು 3.6 ಮಾಡಿದರೆ ಗ್ರೂವಿನ ಗಾತ್ರ 443 ಆಗಿ ಸಾಮಾನ್ಯ ರಿಂಗ್ ಎಪ್ಪತ್ತು ಶೇಕಡಾ, ದಪ್ಪ ರಿಂಗ್ ಎಪ್ಪತ್ತೈದು ಶೇಕಡಾ ತುಂಬುತ್ತದೆ. ದಪ್ಪ ರಿಂಗ್ ಹತ್ತು ಶೇಕಡಾ ಉಬ್ಬಿದರೂ ಎಂಬತ್ತಮೂರರೊಳಗೆ ನಿಲ್ಲುತ್ತದೆ. ಎಂಬತ್ತೈದನ್ನು ಮೀರದಂತೆ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಗ್ರೂವಿನ ಒಳಮೂಲೆಗೆ 0.3ರಷ್ಟು ದುಂಡು ಕೊಡಿ, ಹೊರ ಅಂಚಿನ ಚೂಪನ್ನು 0.1ರಷ್ಟು ಮುರಿಯಿರಿ, ಅದಕ್ಕಿಂತ ದೊಡ್ಡದಾಗಿ ಅಂಚು ಮುರಿದರೆ ರಿಂಗ್ ಅಲ್ಲಿಗೆ ನುಗ್ಗುತ್ತದೆ.

ಶಾಫ್ಟ್ ಕೂರುವ ಜಾಗದ ಬಗ್ಗೆ ಎರಡು ವಿಷಯಗಳಿವೆ. ಮೊದಲನೆಯದು, ಓ-ರಿಂಗ್ ಬೇರಿಂಗ್ ಅಲ್ಲ. ಶಾಫ್ಟನ್ನು ನೆಟ್ಟಗೆ ಹಿಡಿಯುವ ಕೆಲಸವನ್ನು ಬೋರಿನ ಲೋಹವೇ ಮಾಡಬೇಕು, ಅದಕ್ಕೆ ಕನಿಷ್ಠ ಶಾಫ್ಟಿನ ವ್ಯಾಸದಷ್ಟು ಉದ್ದದ ಆಸರೆ ಬೇಕು. ಐದಾರು ಮಿಲಿಮೀಟರ್ ದಪ್ಪದ ಗೋಡೆಯಲ್ಲಿ ಶಾಫ್ಟ್ ಕೂರಿಸಿದರೆ ಹಿಡಿಕೆ ಒತ್ತಿದಾಗಲೆಲ್ಲ ಶಾಫ್ಟ್ ಓರೆಯಾಗುತ್ತದೆ. ಆಗ ನಾವು ಲೆಕ್ಕ ಹಾಕಿದ 0.037ರ ವಾಲುವಿಕೆ ಎಷ್ಟೋ ಪಟ್ಟು ಆಗುತ್ತದೆ. ಗೋಡೆ ತೆಳುವಾಗಿದ್ದರೆ ಒಂದು ಬುಷ್ ಕೂರಿಸಿ ಉದ್ದ ಮಾಡಿಕೊಳ್ಳಿ.

ಎರಡನೆಯದು, ಬೋರಿನ ಮೈ. ರಿಂಗ್ ಶಾಫ್ಟಿನೊಡನೆ ತಿರುಗಿ ಬೋರಿನ ಮೇಲೆ ಜಾರುತ್ತದೆ. ಆದ್ದರಿಂದ ಬೋರಿನ ನುಣುಪು 0.4 ಮೈಕ್ರಾನ್ ಆರ್‌ಎ ಆಸುಪಾಸಿನಲ್ಲಿರಬೇಕು. ರಿಂಗ್ ಅಲುಗದೆ ಕೂರುವ ಗ್ರೂವ್ ತಳಕ್ಕೆ 1.6 ಸಾಕು. ಸಂಖ್ಯೆಗಿಂತ ಗೀರಿನ ದಿಕ್ಕು ಮುಖ್ಯ. ಸುತ್ತಲೂ ಹೋಗುವ ಟೂಲ್ ಗುರುತು ನೀರಿಗೆ ಅಡ್ಡಗಟ್ಟೆಯಾಗುತ್ತದೆ, ಉದ್ದಕ್ಕೆ ಹೋಗುವ ಗೀರು ಕಾಲುವೆಯಾಗುತ್ತದೆ. ರೀಮರನ್ನು ಹೊರಗೆ ಎಳೆಯುವಾಗ ಬೀಳುವ ಸುರುಳಿ ಗೀರು ಇಂಥ ಕಾಲುವೆ. ನುಣುಪು ಅಳೆಯುವ ಉಪಕರಣ ಸರಿಯೆಂದು ತೋರಿಸಿದರೂ ಅದು ಸೋರುತ್ತದೆ. ಬೋರಿನ ಬಾಯಿಂದ ಟಾರ್ಚ್ ಬೆಳಕು ಓರೆಯಾಗಿ ಬಿಟ್ಟು ನೋಡಿದರೆ ಅದು ಕಣ್ಣಿಗೆ ಕಾಣುತ್ತದೆ.

ಬೋರಿನ ಬಾಯಿಗೆ ಇಳಿಜಾರು ಬೇಕು. ಗ್ರೂವಿನಲ್ಲಿ ಕೂತ ರಿಂಗಿನ ಹೊರವ್ಯಾಸ 20.84, ದಪ್ಪ ರಿಂಗಾದರೆ 21.0. ಇದು 20ರ ಬೋರಿನೊಳಗೆ ಹೋಗಬೇಕು. ಬಾಯಿ 21ಕ್ಕಿಂತ ಚಿಕ್ಕದಾಗಿದ್ದರೆ ಅಂಚು ಉಳಿಯಂತೆ ರಿಂಗನ್ನು ಸೀಳುತ್ತದೆ. ಬಾಯಿಯನ್ನು 21.5 ಮಾಡಿ, ಹದಿನೈದು ಡಿಗ್ರಿ ಇಳಿಜಾರು ಕೊಟ್ಟರೆ ಉದ್ದ 2.8 ಮಿಲಿಮೀಟರ್ ಬೇಕಾಗುತ್ತದೆ. ವಾಡಿಕೆಯಂತೆ 45 ಡಿಗ್ರಿಯಲ್ಲಿ ಅರ್ಧ ಮಿಲಿಮೀಟರ್ ಚಾಂಫರ್ ಬರೆದರೆ ಬಾಯಿ 21ರಲ್ಲೇ ನಿಲ್ಲುತ್ತದೆ, ಇಳಿಜಾರೂ ಕಡಿದಾಗಿರುತ್ತದೆ. ಜೋಡಿಸಿ ಬಿಚ್ಚಿದಾಗ ರಿಂಗಿನ ಹೊರಮೈಯಿಂದ ಉಗುರಿನಾಕಾರದ ಚೂರು ಹೋಗಿದ್ದರೆ ಈ ಬಾಯಿಯನ್ನೇ ಮೊದಲು ನೋಡಿ.

ರಬ್ಬರ್ ವಯಸ್ಸಾದಂತೆ ಅದುಮಿದ ಆಕಾರವನ್ನೇ ತನ್ನದಾಗಿಸಿಕೊಳ್ಳುತ್ತದೆ. ಬಿಚ್ಚಿದ ಹಳೆಯ ರಿಂಗ್ ದುಂಡಗಿರದೆ ಎರಡು ಕಡೆ ಚಪ್ಪಟೆಯಾಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದುಮಿಕೆಯ ನಲವತ್ತು ಶೇಕಡಾ ಹೀಗೆ ಶಾಶ್ವತವಾಗಿ ಕಳೆದುಹೋಯಿತು ಎನ್ನಿ; ನಮ್ಮ ತೆಳು ತುದಿಯ 0.22ರಲ್ಲಿ 0.13 ಉಳಿಯುತ್ತದೆ, ಇನ್ನೂ ತಡೆಯುತ್ತದೆ. ಆರಂಭದಲ್ಲಿ 0.03 ಇದ್ದದ್ದಕ್ಕೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಚಳಿಯೂ ಇದೇ ರೀತಿ ತಾತ್ಕಾಲಿಕವಾಗಿ ಪುಟಿತವನ್ನು ಕಸಿದುಕೊಳ್ಳುತ್ತದೆ. 1986ರ ಜನವರಿ 28ರಂದು ಏಳು ಜನರ ಪ್ರಾಣ ತೆಗೆದ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ವಿಚಾರಣೆಯಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಓ-ರಿಂಗಿನ ರಬ್ಬರ್ ತುಂಡನ್ನು ಸಣ್ಣ ಕ್ಲಾಂಪಿನಲ್ಲಿ ಅದುಮಿ, ಐಸ್ ನೀರಿನಲ್ಲಿಟ್ಟು, ಬಿಡಿಸಿ ತೋರಿಸಿದರು. ರಬ್ಬರ್ ಕೂಡಲೇ ಮರಳಿ ದುಂಡಗಾಗಲಿಲ್ಲ. ಅಲ್ಲಿಯ ರಾಕೆಟ್ಟಿನ ಜೋಡಣೆ ನಮ್ಮದಕ್ಕಿಂತ ಬಹಳ ಬೇರೆ. ಒತ್ತಡ ಬಂದಾಗ ಅಲ್ಲಿ ಸಂದು ತೆರೆದುಕೊಳ್ಳುತ್ತಿತ್ತು, ರಿಂಗ್ ಅದನ್ನು ಬೆನ್ನಟ್ಟಿ ತುಂಬಬೇಕಾಗಿತ್ತು. ಆದರೂ ರಿಂಗಿನ ಬಲವೆಲ್ಲ ಅದು ಮರಳಿ ಪುಟಿಯುವುದರಲ್ಲಿದೆ ಎಂಬುದನ್ನು ಅದಕ್ಕಿಂತ ಸ್ಪಷ್ಟವಾಗಿ ನನಗೆ ತೋರಿಸಿದ್ದು ಬೇರೆ ಇಲ್ಲ.

ನಮ್ಮ ಹೌಸಿಂಗಿಗೆ ಎಪ್ಪತ್ತು ಶೋರ್ ಗಡಸಿನ ನೈಟ್ರೈಲ್ ರಬ್ಬರ್ ಸಾಕಾಯಿತು. 2 ಬಾರಿಗೆ 0.074ರ ಸಡಿಲಿನೊಳಗೆ ಅದು ನುಗ್ಗುವ ಭಯವಿಲ್ಲ. ನೂರು ಬಾರಿನ ಮಾತಾದರೆ ಪಕ್ಕದಲ್ಲಿ ಗಟ್ಟಿ ಬ್ಯಾಕಪ್ ರಿಂಗ್ ಬೇಕಾಗುತ್ತಿತ್ತು. ಜೋಡಿಸುವಾಗ ಸಿಲಿಕೋನ್ ಗ್ರೀಸನ್ನು ತೆಳುವಾಗಿ ಹಚ್ಚುತ್ತೇವೆ. ಇಪಿಡಿಎಂ ಎಂಬ ರಬ್ಬರಿನ ರಿಂಗಿಗೆ ಸಾಮಾನ್ಯ ಪೆಟ್ರೋಲಿಯಂ ಗ್ರೀಸ್ ಹಚ್ಚಬೇಡಿ, ಅದು ಉಬ್ಬಿ ಗ್ರೂವಿನಿಂದ ಹೊರಬರುತ್ತದೆ.

ಹಳೆಯ ಶಾಫ್ಟುಗಳನ್ನು ಬಿಟ್ಟು, 15.60ರ ತಳದ ಇಪ್ಪತ್ತನಾಲ್ಕು ಹೊಸ ಶಾಫ್ಟುಗಳನ್ನು ಕಡೆಸಿದೆವು. ಗ್ರೂವನ್ನೂ ಶಾಫ್ಟಿನ ಮೈಯನ್ನೂ ಚಕ್ಕಿನಿಂದ ಬಿಚ್ಚದೆ ಒಂದೇ ಹಿಡಿತದಲ್ಲಿ ಮುಗಿಸಬೇಕೆಂದು ಡ್ರಾಯಿಂಗಿನ ಮೇಲೆ ಬರೆದೆ. ಪರೀಕ್ಷೆಯನ್ನೂ ಬದಲಿಸಿದೆವು. ಹೊರಗಿನಿಂದ 2 ಬಾರ್ ನೀರು ಕೊಡುವ ಮೊದಲು ಒಳಗೆ 0.1 ಬಾರ್ ಗಾಳಿ ತುಂಬಿ ನೀರಿನಲ್ಲಿಟ್ಟು ಹತ್ತು ನಿಮಿಷ ನೋಡುತ್ತೇವೆ, ಆಗ ಒಬ್ಬರು ಹಿಡಿಕೆಯನ್ನು ಪಕ್ಕಕ್ಕೆ ಒತ್ತುತ್ತಾ ನಿಧಾನವಾಗಿ ತಿರುಗಿಸುತ್ತಿರಬೇಕು. ತೆಳು ರಿಂಗುಗಳನ್ನೇ ಮೈಕ್ರೋಮೀಟರಿನಿಂದ ಆರಿಸಿ, 2.55 ಮತ್ತು 2.56 ದಪ್ಪದ ನಾಲ್ಕನ್ನು ಮೊದಲ ನಾಲ್ಕು ಹೌಸಿಂಗ್‌ಗಳಿಗೆ ಬೇಕೆಂದೇ ಹಾಕಿದೆವು. ನಾಲ್ಕರಲ್ಲೂ ಗುಳ್ಳೆ ಬರಲಿಲ್ಲ. ಉಳಿದ ಇಪ್ಪತ್ತಕ್ಕೆ ಪೊಟ್ಟಣದಲ್ಲಿ ಕೈಗೆ ಬಂದ ರಿಂಗುಗಳನ್ನು ಅಳೆಯದೆಯೇ ಹಾಕಿದೆವು.